ರಿಸ್ಕ್ ಭಾಗವನ್ನು ತಿದ್ದಿ ಬರೆಯುವುದು: ಬೀಡಿ ಕಟ್ಟುವ ಹೆಂಗಸರ ಒಂದು ಅಧ್ಯಯನ

(ಮಂಗಳೂರಿನಲ್ಲಿ ಸಾರ್ವಜನಿಕ ಆರೋಗ್ಯ, ನರ್ಸಿಂಗ್ ಮತ್ತು ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಎಥಿಕ್ಸ್ ಕಮಿಟಿಗೆ ಬಂದ ಅರ್ಜಿ ಕೈಗೆ ಸಿಕ್ಕಿದಾಗ ನಾನು ಮೊದಲು ತೆರೆಯುವುದು ರಿಸ್ಕ್ ಭಾಗವನ್ನು. ಉದ್ದೇಶ, ವಿಧಾನ ಎಲ್ಲ ಆಮೇಲೆ. ಅಧ್ಯಯನಕ್ಕೆ ಬರುವ ಜನರಿಗೆ ಏನಾಗಬಹುದು ಅಂತ ಸಂಶೋಧಕರು ಕೂತು ಯೋಚಿಸಿದ್ದಾರಾ ಇಲ್ಲವಾ ಅನ್ನೋದು ಅಲ್ಲಿಯ ಹತ್ತು ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ. ಆ ಹತ್ತು ಸಾಲನ್ನು ಹೇಗೆ ತಿದ್ದಬೇಕು ಅನ್ನೋದಷ್ಟೇ ಇವತ್ತಿನ ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾರದೋ ಅರ್ಜಿ ಅಲ್ಲ, ಇವತ್ತಿಗೋಸ್ಕರ ನಾನೇ ಕಟ್ಟಿದ್ದು. ಮಂಗಳೂರಿನ ಸುತ್ತಮುತ್ತ ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸರಲ್ಲಿ ರಕ್ತಹೀನತೆ ಎಷ್ಟಿದೆ, ಅದರ ಜೊತೆ ಮನಸ್ಸಿನ ಕುಗ್ಗು ಎಷ್ಟಿದೆ ಅಂತ ನೋಡುವ ಅಧ್ಯಯನ. 18 ವರ್ಷ ದಾಟಿದ 200 ಮಂದಿ. ಒಬ್ಬೊಬ್ಬರಿಂದ 3 ಮಿಲಿಲೀಟರ್ ರಕ್ತ, ಹಿಮೋಗ್ಲೋಬಿನ್ ನೋಡುವುದಕ್ಕೆ. ಜೊತೆಗೆ ಮನಸ್ಸಿನ ಕುಗ್ಗು ನೋಡುವುದಕ್ಕೆ ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿ. ಎಲ್ಲ ಸೇರಿ ಮುಕ್ಕಾಲು ಗಂಟೆ.

ಈ ಅಧ್ಯಯನದ ರಿಸ್ಕ್ ಭಾಗ ಮೊದಲ ಸಲ ಬರುವುದು ಹೆಚ್ಚುಕಮ್ಮಿ ಹೀಗೆ:

"ಈ ಅಧ್ಯಯನದಿಂದ ಯಾವುದೇ ರಿಸ್ಕ್ ಇಲ್ಲ. ಸ್ವಲ್ಪ ರಕ್ತ ತೆಗೆದು, ಕೆಲವು ಸರಳ ಪ್ರಶ್ನೆ ಕೇಳಲಾಗುತ್ತದೆ. ಎಲ್ಲ ಮಾಹಿತಿಯನ್ನು ಸಂಪೂರ್ಣ ಗೋಪ್ಯವಾಗಿ ಇಡಲಾಗುತ್ತದೆ."

ಕಮಿಟಿ ಇದನ್ನು ವಾಪಸ್ ಕಳಿಸುತ್ತದೆ. ಆಗ ವಿದ್ಯಾರ್ಥಿ ಹೆದರುತ್ತಾರೆ. ಎಲ್ಲಿಂದಲೋ ಒಂದು ಔಷಧಿ ಟ್ರಯಲ್‌ನ ಅರ್ಜಿ ಹುಡುಕಿ, ಅದರಲ್ಲಿರುವುದನ್ನೆಲ್ಲ ತಂದು ಇಲ್ಲಿ ಸುರಿಯುತ್ತಾರೆ. ಎರಡನೇ ಸಲ ಬರುವುದು ಹೀಗೆ:

"ರಕ್ತ ತೆಗೆಯುವುದರಿಂದ ತೀವ್ರ ನೋವು, ರಕ್ತಸ್ರಾವ, ಸೋಂಕು, ನರಹಾನಿ, ಪ್ರಜ್ಞೆ ತಪ್ಪುವುದು ಇತ್ಯಾದಿ ಆಗಬಹುದು. ಪ್ರಶ್ನೆಗಳಿಂದ ಮಾನಸಿಕ ಆಘಾತ ಹಾಗೂ ಆತ್ಮಹತ್ಯೆಯ ಯೋಚನೆ ಉಂಟಾಗಬಹುದು. ಅಂಥ ಸಂದರ್ಭದಲ್ಲಿ ಅಗತ್ಯ ಕ್ರಮ ಕೈಗೊಳ್ಳಲಾಗುವುದು."

ಮೊದಲನೆಯದು ಮುಚ್ಚಿಡುತ್ತದೆ, ಎರಡನೆಯದು ಹೆದರಿಸುತ್ತದೆ. ಆದರೆ ಎರಡಕ್ಕೂ ಇರುವ ಕೊರತೆ ಒಂದೇ. ಯಾವುದು ಹೆಚ್ಚಿನವರಿಗೆ ಆಗುತ್ತದೆ, ಯಾವುದು ಅಪರೂಪ, ಆದದ್ದು ಎಷ್ಟು ದಿನ ಇರುತ್ತದೆ, ನೀವು ಏನು ಮಾಡುತ್ತೀರಿ, ನೀವು ಮಾಡಿದ ಮೇಲೂ ಏನು ಉಳಿಯುತ್ತದೆ ಅನ್ನೋದು ಎರಡರಲ್ಲೂ ಇಲ್ಲ. "ಅಗತ್ಯ ಕ್ರಮ" ಅಂದರೆ ಏನು? ಯಾರು ಮಾಡುತ್ತಾರೆ? ಎಷ್ಟು ಹೊತ್ತಿಗೆ? ಕಮಿಟಿಯಲ್ಲಿರುವ ವಕೀಲರು ಮೊದಲು ಕೇಳುವುದೇ ಇದನ್ನು.

ಮುಚ್ಚಿಡುವ ಬರಹದ ಹಿಂದೆ ಹೆಚ್ಚಿನ ಸಲ ಒಂದು ಲೆಕ್ಕಾಚಾರ ಇರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ರಿಸ್ಕನ್ನು ನಾಲ್ಕು ಮಟ್ಟದಲ್ಲಿ ಇಡುತ್ತದೆ: ಕನಿಷ್ಠಕ್ಕಿಂತಲೂ ಕಡಿಮೆ, ಕನಿಷ್ಠ, ಕನಿಷ್ಠಕ್ಕಿಂತ ಸ್ವಲ್ಪ ಮೇಲೆ, ಮತ್ತೆ ಅದಕ್ಕಿಂತ ಜಾಸ್ತಿ. ಕನಿಷ್ಠ ಅಂತ ಆದರೆ ಅರ್ಜಿ ಬೇಗ ಮುಗಿಯುವ ದಾರಿಯಲ್ಲಿ ಹೋಗಬಹುದು. ಅದಕ್ಕೇ ಎಲ್ಲರೂ ಅಲ್ಲಿ ಟಿಕ್ ಹಾಕುತ್ತಾರೆ. ಆದರೆ ಮಾರ್ಗಸೂಚಿಯನ್ನು ಬಿಡಿಸಿ ಓದಿ. ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆಯುವುದನ್ನು ಅದು ಮೂರನೇ ಮಟ್ಟದ ಉದಾಹರಣೆಯಾಗಿಯೇ ಕೊಟ್ಟಿದೆ. ಕ್ಷಣದ ನೋವು, ಸಣ್ಣ ನೀಲಿ ಗುರುತು, ತಾತ್ಕಾಲಿಕ ಇರುಸುಮುರುಸು ಅಲ್ಲಿಗೆ ಸೇರುತ್ತವೆ. ಮಾನಸಿಕ, ಸಾಮಾಜಿಕ ತೊಂದರೆಗಳೂ ಆ ಮಟ್ಟಕ್ಕೆ ಬರಬಹುದು ಅಂತ ಅದು ಹೇಳುತ್ತದೆ. ಎದೆಯ ಎಕ್ಸ್‌ರೇ, ಉಗುಳಿನ ಮಾದರಿ, ಮಾಮೂಲಿ ಪ್ರಶ್ನೆಗಳು ಎರಡನೇ ಮಟ್ಟದವು. ಹಾಗಾಗಿ ನಮ್ಮ ಉದಾಹರಣೆಯಲ್ಲಿ ಸರಿಯಾದ ಟಿಕ್ ಮೂರನೆಯದು. ಪೂರ್ಣ ಕಮಿಟಿಯ ಮುಂದೆ ಹೋಗಬೇಕಾಗುತ್ತದೆ, ಸ್ವಲ್ಪ ಕಾಯಬೇಕಾಗುತ್ತದೆ. ಕಾಯಿರಿ. ತಪ್ಪು ಟಿಕ್ ಹಾಕಿ ವಾಪಸ್ ಬಂದರೆ ಅದಕ್ಕಿಂತ ಜಾಸ್ತಿ ಕಾಯಬೇಕು.

ಈಗ ರಕ್ತದ ವಿಷಯ ಬರೆಯೋಣ.

ಸೂಜಿ ಚುಚ್ಚಿದರೆ ಹೆಚ್ಚುಕಮ್ಮಿ ಎಲ್ಲರಿಗೂ ಒಂದು ಕ್ಷಣ ನೋವಾಗುತ್ತದೆ. ಕೆಲವರಿಗೆ ನೀಲಿಗಟ್ಟುತ್ತದೆ. ಒಬ್ಬಿಬ್ಬರಿಗೆ ತಲೆ ಸುತ್ತುತ್ತದೆ, ನಾಡಿ ನಿಧಾನವಾಗಿ, ಬಿಪಿ ಇಳಿದು ಬೀಳುವುದೂ ಉಂಟು. ಇಲ್ಲಿ ಪೆಟ್ಟಾಗುವುದು ಸೂಜಿಯಿಂದ ಅಲ್ಲ, ನೆಲಕ್ಕೆ ತಲೆ ಬಡಿಯುವುದರಿಂದ. ಹಾಗಾಗಿ ಮುನ್ನೆಚ್ಚರಿಕೆ ಅಂದರೆ ಕೂರಿಸುವ ಜಾಗ, ಹಿಂದೆ ಸಿಗುವ ಒರಗು, ಆಮೇಲೆ ಹತ್ತು ಹದಿನೈದು ನಿಮಿಷ ಜೊತೆಗಿರುವುದು. ಇನ್ನೊಂದು ಸಣ್ಣ ವಿಷಯ: ರಕ್ತ ಪರೀಕ್ಷೆ ಅಂದ ಕೂಡಲೇ ನಮ್ಮವರು ಖಾಲಿ ಹೊಟ್ಟೆಯಲ್ಲಿ ಕಾಯುತ್ತಾರೆ. ಹಿಮೋಗ್ಲೋಬಿನ್‌ಗೆ ಉಪವಾಸ ಬೇಡ. ತಿಂಡಿ ತಿಂದೇ ಬನ್ನಿ ಅಂತ ಹಿಂದಿನ ದಿನವೇ ಹೇಳಬೇಕು, ಅದನ್ನು ಅರ್ಜಿಯಲ್ಲಿ ಬರೆಯಬೇಕು. ಸೋಂಕು, ನರಕ್ಕೆ ಪೆಟ್ಟು ತೀರಾ ಅಪರೂಪ. ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ.

ಎರಡನೇ ಕರಡಿನ ತಪ್ಪು ಏನೆಂದರೆ, ಎಲ್ಲರಿಗೂ ಆಗುವ ಚುಚ್ಚು ನೋವನ್ನೂ ಸಾವಿರಾರು ಮಂದಿಯಲ್ಲಿ ಯಾರಿಗೋ ಆಗುವ ನರದ ಪೆಟ್ಟನ್ನೂ ಒಂದೇ ವಾಕ್ಯದಲ್ಲಿ ಕಾಮಾ ಹಾಕಿ ಸಾಲಾಗಿ ನಿಲ್ಲಿಸಿದ್ದು. ಓದುವವರಿಗೆ ಎರಡೂ ಸಮ ಅಂತ ಅನಿಸುತ್ತದೆ. ಜಾಸ್ತಿ ಆಗುವುದು ಮೊದಲು, ಅಪರೂಪದ್ದು ಆಮೇಲೆ, ಬೇರೆ ಬೇರೆ ವಾಕ್ಯದಲ್ಲಿ ಬರಲಿ. ಸಾಧ್ಯವಾದರೆ "ಕೆಲವರಿಗೆ" ಅನ್ನುವ ಕಡೆ ಅಂಕಿಯನ್ನೇ ಕೊಡಿ. ಯುರೋಪಿನ ಔಷಧಿ ಚೀಟಿಗಳಲ್ಲಿ "ಸಾಮಾನ್ಯ" ಅಂದರೆ ನೂರಕ್ಕೆ ಒಬ್ಬರಿಂದ ಹತ್ತಕ್ಕೆ ಒಬ್ಬರವರೆಗೆ ಅಂತ ನಿಗದಿ ಮಾಡಿದ್ದಾರೆ. ಜನ ಅದನ್ನು ಓದಿ ಅದಕ್ಕಿಂತ ತುಂಬ ಜಾಸ್ತಿ ಮಂದಿಗೆ ಆಗುತ್ತದೆ ಅಂದುಕೊಳ್ಳುತ್ತಾರೆ ಅಂತ ಅಧ್ಯಯನಗಳು ತೋರಿಸಿವೆ. ನಿಮ್ಮ ಲ್ಯಾಬ್‌ನ ರಿಜಿಸ್ಟರ್‌ನಲ್ಲಿ ಕಳೆದ ವರ್ಷ ಎಷ್ಟು ಮಂದಿಯ ರಕ್ತ ತೆಗೆದರು, ಎಷ್ಟು ಮಂದಿಗೆ ತಲೆ ಸುತ್ತಿತು ಅಂತ ಇದ್ದರೆ, "ನಮ್ಮ ಲ್ಯಾಬ್‌ನಲ್ಲಿ ಇಷ್ಟು ಮಂದಿಯಲ್ಲಿ ಇಷ್ಟು" ಅಂತ ಬರೆಯಿರಿ. ಇಲ್ಲದಿದ್ದರೆ ಅಂಕಿ ಹುಟ್ಟಿಸಬೇಡಿ.

ಅಂಕಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. "ಪೈಲಟ್‌ನಲ್ಲಿ 30 ಮಂದಿಯ ರಕ್ತ ತೆಗೆದಿದ್ದೇವೆ, ಯಾರಿಗೂ ಏನೂ ಆಗಿಲ್ಲ, ಆದ್ದರಿಂದ ರಿಸ್ಕ್ ಇಲ್ಲ" ಅನ್ನುವ ವಾಕ್ಯ ಪದೇಪದೇ ಕಾಣಿಸುತ್ತದೆ. ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭದ ಲೆಕ್ಕ ಇದೆ. ಒಬ್ಬರಿಗೂ ಆಗದಿದ್ದಾಗ ಮೂರನ್ನು ನೋಡಿದವರ ಸಂಖ್ಯೆಯಿಂದ ಭಾಗಿಸಿ. ಮೂರನ್ನು 30ರಿಂದ ಭಾಗಿಸಿದರೆ ಹತ್ತರಲ್ಲಿ ಒಂದು. ಅಂದರೆ 30 ಮಂದಿಯಲ್ಲಿ ಯಾರಿಗೂ ಆಗದಿದ್ದರೂ, ನಿಜವಾದ ಪ್ರಮಾಣ ಹತ್ತಕ್ಕೆ ಒಬ್ಬರವರೆಗೂ ಇರಬಹುದು ಅನ್ನೋದನ್ನು 95 ಶೇಕಡಾ ಭರವಸೆಯಲ್ಲಿ ತಳ್ಳಿಹಾಕಲಾಗದು. ಹಾಗಾಗಿ "30 ಮಂದಿಯಲ್ಲಿ ಯಾರಿಗೂ ತಲೆ ಸುತ್ತಲಿಲ್ಲ" ಅಂತ ಬರೆಯಬಹುದು. ಅಲ್ಲಿಗೇ ನಿಲ್ಲಿಸಬೇಕು.

ತಿದ್ದಿದ ಮೇಲೆ ರಕ್ತದ ಭಾಗ ಹೀಗಿರುತ್ತದೆ:

"ತೋಳಿನ ರಕ್ತನಾಳದಿಂದ ಒಂದು ಸಲ 3 ಮಿಲಿಲೀಟರ್, ಅಂದರೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ ರಕ್ತ ತೆಗೆಯುತ್ತೇವೆ. ಚುಚ್ಚುವಾಗ ಹೆಚ್ಚಿನವರಿಗೆ ಕ್ಷಣಕಾಲ ನೋವಾಗುತ್ತದೆ. ಕೆಲವರಿಗೆ ಆ ಜಾಗ ನೀಲಿಗಟ್ಟಬಹುದು. ಒಂದೆರಡು ವಾರದೊಳಗೆ ಹೋಗುತ್ತದೆ. ಕೆಲವರಿಗೆ ತಲೆ ಸುತ್ತಬಹುದು, ಅಪರೂಪಕ್ಕೆ ಪ್ರಜ್ಞೆ ತಪ್ಪಬಹುದು. ಅದಕ್ಕಾಗಿ ಒರಗಿ ಕೂರಿಸಿ ರಕ್ತ ತೆಗೆದು, ಹದಿನೈದು ನಿಮಿಷ ಜೊತೆಗಿರುತ್ತೇವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರನ್ನು ಮೊದಲೇ ಕೇಳಿ ತಿಳಿದು, ಅವರ ರಕ್ತ ತೆಗೆಯುವುದಿಲ್ಲ. ತರಬೇತಿ ಪಡೆದ ಟೆಕ್ನಿಷಿಯನ್ ಹೊಸ ಸೂಜಿಯಿಂದ ತೆಗೆದರೂ ಸೋಂಕು ಅಥವಾ ನರಕ್ಕೆ ಪೆಟ್ಟು ತೀರಾ ಅಪರೂಪವಾಗಿ ಆಗಬಹುದು. ಹಾಗೇನಾದರೂ ಆದರೆ ಚಿಕಿತ್ಸೆಯ ಖರ್ಚು ಸಂಸ್ಥೆಯದು."

ಕೊನೆಯ ವಾಕ್ಯ ಬರೆಯುವ ಮುಂಚೆ ಸಂಸ್ಥೆಯಲ್ಲಿ ಕೇಳಿ, ಒಪ್ಪಿಗೆ ಪಡೆದುಕೊಳ್ಳಿ. ವಿದ್ಯಾರ್ಥಿಯ ಅಧ್ಯಯನ ಅಂದ ಮಾತ್ರಕ್ಕೆ ಈ ಜವಾಬ್ದಾರಿ ತಪ್ಪುವುದಿಲ್ಲ.

ರಕ್ತದ ಭಾಗ ಇಷ್ಟೇ. ನನಗೆ ಜಾಸ್ತಿ ಚಿಂತೆ ಇರುವುದು ಪ್ರಶ್ನಾವಳಿಯ ಬಗ್ಗೆ.

ಪಿಎಚ್‌ಕ್ಯೂ-9 ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ. ನಿದ್ದೆ, ಹಸಿವು, ಸುಸ್ತು, ಬೇಸರ. ಪ್ರತಿ ಪ್ರಶ್ನೆಗೆ 0ಯಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಮೇಲೆ ಬಂದರೆ ಡಾಕ್ಟರ್ ನೋಡುವುದು ಒಳ್ಳೆಯದು ಅಂತ ಸಾಮಾನ್ಯವಾಗಿ ಎಣಿಸುತ್ತಾರೆ. ಅದು ಕಾಯಿಲೆ ಇದೆ ಅನ್ನುವ ತೀರ್ಪಲ್ಲ. ಒಂಬತ್ತನೇ ಪ್ರಶ್ನೆ ಇರುವುದು, ಸತ್ತುಹೋದರೆ ಒಳ್ಳೆಯದಿತ್ತು ಅನ್ನುವ ಯೋಚನೆಯ ಬಗ್ಗೆ, ತನಗೇ ಏನಾದರೂ ಮಾಡಿಕೊಳ್ಳುವ ಯೋಚನೆಯ ಬಗ್ಗೆ.

ಎರಡನೇ ಕರಡು "ಪ್ರಶ್ನೆಗಳಿಂದ ಆತ್ಮಹತ್ಯೆಯ ಯೋಚನೆ ಉಂಟಾಗಬಹುದು" ಅಂತ ಬರೆಯಿತು. ಇದು ಎಚ್ಚರಿಕೆಯ ಮಾತಿನ ಹಾಗೆ ಕಾಣುತ್ತದೆ. ಆದರೆ ಕೇಳುವುದರಿಂದಲೇ ಆ ಯೋಚನೆ ಹುಟ್ಟುತ್ತದೆ ಅನ್ನುವುದಕ್ಕೆ ಈ ವಿಷಯದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆಧಾರ ಸಿಕ್ಕಿಲ್ಲ. ಆಧಾರ ಇಲ್ಲದ್ದನ್ನು ಬರೆದು ಹೆದರಿಸಿದರೆ ಇನ್ನೊಂದು ಅನಾಹುತ ಆಗುತ್ತದೆ: ನಿಜವಾದ ರಿಸ್ಕ್ ಅದರ ಹಿಂದೆ ಅಡಗಿಬಿಡುತ್ತದೆ.

ನಿಜವಾದ ರಿಸ್ಕ್ ಯಾವುದು? ಒಬ್ಬ ಹೆಂಗಸು ಒಂಬತ್ತನೇ ಪ್ರಶ್ನೆಗೆ "ಹೆಚ್ಚುಕಮ್ಮಿ ದಿನಾ" ಅಂತ ಉತ್ತರ ಕೊಡುತ್ತಾಳೆ. ನೀವು ಬರೆದುಕೊಳ್ಳುತ್ತೀರಿ. ಫಾರ್ಮ್ ಚೀಲಕ್ಕೆ ಹೋಗುತ್ತದೆ, ಅಲ್ಲಿಂದ ಹಾಸ್ಟೆಲಿಗೆ. ಡೇಟಾ ಎಂಟ್ರಿ ಮಾಡುವಾಗ ಮೂರು ವಾರದ ಮೇಲೆ ಯಾರೋ ನೋಡುತ್ತಾರೆ. ಜೀವನದಲ್ಲಿ ಬಹುಶಃ ಮೊದಲ ಸಲ ಅವಳು ಒಬ್ಬರ ಹತ್ತಿರ ಅದನ್ನು ಹೇಳಿದ್ದಳು, ಕೇಳಿದವರು ಎದ್ದು ಹೋದರು. ಈ ರಿಸ್ಕನ್ನು ತಂದವರು ನೀವು. ಅದನ್ನು ಕಡಿಮೆ ಮಾಡುವುದೂ ನಿಮ್ಮ ಕೈಯಲ್ಲೇ ಇದೆ. ಫಾರ್ಮನ್ನು ಆ ಮನೆಯಿಂದ ಹೊರಡುವ ಮುಂಚೆ ಓದಬೇಕು. ಒಂಬತ್ತನೇ ಪ್ರಶ್ನೆಗೆ 0 ಬಿಟ್ಟು ಬೇರೆ ಯಾವ ಉತ್ತರ ಬಂದರೂ ಮುಂದಿನ ಹೆಜ್ಜೆ ಏನು ಅಂತ ಕಾಗದದಲ್ಲಿ ಇರಬೇಕು.

ಆ ಭಾಗ ಹೀಗೆ ಬರಬಹುದು:

"ಕೆಲವು ಪ್ರಶ್ನೆಗಳು ಬೇಸರ ತರಬಹುದು, ಅಳು ಬರಬಹುದು. ಯಾವ ಪ್ರಶ್ನೆಯನ್ನಾದರೂ ಬಿಡಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಒಂದು ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ ಇದೆ. ಅದಕ್ಕೆ ಇದೆ ಅಂತ ಉತ್ತರ ಬಂದರೆ, ಸಂಶೋಧಕಿ ಆಗಲೇ ಜೊತೆಗೆ ಕೂತು ಮಾತಾಡಿ, ಮೇಲ್ವಿಚಾರಣೆಯ ಮನೋವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡುತ್ತಾಳೆ. ಅವರು ಹೇಳಿದ ಹಾಗೆ ಆ ದಿನವೇ ಅಥವಾ ಎರಡು ದಿನದೊಳಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ವ್ಯವಸ್ಥೆ ಮಾಡುತ್ತೇವೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಎಲ್ಲರಿಗೂ ಕೊಡುತ್ತೇವೆ. ಜೀವಕ್ಕೆ ಅಪಾಯ ಇದೆ ಅನಿಸಿದರೆ ಮಾತ್ರ, ಉತ್ತರ ಕೊಟ್ಟವರಿಗೆ ಹೇಳಿಯೇ, ಅವರು ನಂಬುವ ಒಬ್ಬರಿಗೆ ವಿಷಯ ತಿಳಿಸುತ್ತೇವೆ."

ಇಲ್ಲಿ "ಸಂಪೂರ್ಣ ಗೋಪ್ಯ" ಅನ್ನುವ ಮಾತು ಹೋಗಿದೆ ನೋಡಿ. ಆ ಮಾತನ್ನು ನಾವು ಉಳಿಸಿಕೊಳ್ಳಲಾರೆವು. ಒಂದು ಜೀವ ಅಪಾಯದಲ್ಲಿದ್ದರೆ ಬಾಯಿಮುಚ್ಚಿ ಕೂರಲು ಆಗುವುದಿಲ್ಲ. ಕಮಿಟಿ ಕೇಳಿದರೆ ದಾಖಲೆ ತೋರಿಸಬೇಕಾಗುತ್ತದೆ. ಯಾರು ಯಾರು ನೋಡಬಹುದು, ಯಾವಾಗ ಅನ್ನೋದನ್ನು ಹೇಳಿಬಿಡುವುದೇ ಮರ್ಯಾದೆ. ಇನ್ನೊಂದು, ಮನೋವೈದ್ಯರ ಹೆಸರು ಹಾಕುವ ಮುಂಚೆ ಅವರ ಒಪ್ಪಿಗೆ ಪತ್ರ ಲಗತ್ತಿಸಿ. "ವೆನ್ಲಾಕ್ ಆಸ್ಪತ್ರೆಗೆ ಕಳಿಸಲಾಗುವುದು" ಅಂತ ಬರೆದು, ಅಲ್ಲಿ ಯಾರಿಗೂ ಒಂದು ಮಾತು ಹೇಳದೆ ಇದ್ದರೆ ಅದು ಬರೀ ಕಾಗದದ ವ್ಯವಸ್ಥೆ.

ಇಷ್ಟು ತಿದ್ದಿದ ಮೇಲೂ ಎರಡೂ ಕರಡುಗಳಲ್ಲಿ ಇಲ್ಲದ ಕೆಲವು ಸಂಗತಿ ಉಳಿಯುತ್ತವೆ. ಅವು ಆಸ್ಪತ್ರೆಯ ಮಾದರಿ ಅರ್ಜಿಯಲ್ಲಿ ಸಿಗುವುದಿಲ್ಲ. ಮನೆಗೆ ಹೋಗಿ ನೋಡಿದರೆ ಮಾತ್ರ ಸಿಗುತ್ತವೆ.

ಬೀಡಿ ಕಟ್ಟುವುದು ಹೆಚ್ಚಿನ ಮನೆಗಳಲ್ಲಿ ಜಗಲಿಯಲ್ಲಿ. ಮಡಿಲಲ್ಲಿ ಎಲೆ, ಹೊಗೆಸೊಪ್ಪು, ಪಕ್ಕದಲ್ಲಿ ಅತ್ತೆ, ಎದುರಲ್ಲಿ ಪಕ್ಕದ ಮನೆಯವರು. ಅಲ್ಲಿ ಕೂತು "ಕಳೆದ ಎರಡು ವಾರದಲ್ಲಿ ಸಾಯುವ ಯೋಚನೆ ಬಂದಿತ್ತಾ ಅಕ್ಕ" ಅಂತ ಗಟ್ಟಿಯಾಗಿ ಓದಿದರೆ ಏನಾಗುತ್ತದೆ? ಒಂದೋ ಅವಳು ಸುಳ್ಳು ಹೇಳುತ್ತಾಳೆ, ಇಲ್ಲವೇ ಸತ್ಯ ಹೇಳಿ ಸಂಜೆಗೆ ಮನೆಯಲ್ಲಿ ಮಾತು ಕೇಳುತ್ತಾಳೆ. ಮೊದಲನೆಯದು ನಿಮ್ಮ ಡೇಟಾ ಕೆಡಿಸುತ್ತದೆ, ಎರಡನೆಯದು ಅವಳ ಬದುಕು ಕೆಡಿಸುತ್ತದೆ. ಹಾಗಾಗಿ ಎಲ್ಲಿ ಕೂತು ಮಾತಾಡುವುದು ಅಂತ ಅವಳೇ ಹೇಳಲಿ. ಓದಲು ಬರುವವರಿಗೆ ಪ್ರಶ್ನೆಯನ್ನು ಕಾರ್ಡಿನಲ್ಲಿ ಕೊಡಿ, ಉತ್ತರದ ಮೇಲೆ ಬೆರಳಿಟ್ಟರೆ ಸಾಕು. ಯಾರಾದರೂ ಒಳಗೆ ಬಂದರೆ ಊಟತಿಂಡಿಯ ಪ್ರಶ್ನೆಗೆ ಹೊರಳುತ್ತೇವೆ ಅಂತ ಅವಳಿಗೆ ಮೊದಲೇ ಹೇಳಿಡಿ. ಇಷ್ಟು ಮಾಡಿದರೂ ಸಣ್ಣ ಮನೆಯಲ್ಲಿ ಯಾರ ಕಿವಿಗೂ ಬೀಳುವುದಿಲ್ಲ ಅಂತ ಮಾತು ಕೊಡಲಾಗದು. ಅದನ್ನೂ ಬರೆಯಿರಿ. ಮಾಡಿದ್ದೆಲ್ಲ ಮಾಡಿದ ಮೇಲೆ ಉಳಿಯುವ ರಿಸ್ಕ್ ಅದು.

ಇನ್ನು ಬೀಡಿ ಬ್ರಾಂಚು. 200 ಮಂದಿಯನ್ನು ಹುಡುಕುವುದಕ್ಕೆ ಸುಲಭದ ದಾರಿ ಅದೇ, ಎಲ್ಲರೂ ಕಟ್ಟಿದ ಬೀಡಿ ಕೊಡಲು ಅಲ್ಲಿಗೇ ಬರುತ್ತಾರೆ. ಆದರೆ ಎಲೆ, ಹೊಗೆಸೊಪ್ಪು ಕೊಡುವವರು ಅಲ್ಲೇ ಇದ್ದಾರೆ, ಕಟ್ಟಿದ್ದು ಸರಿಯಿಲ್ಲ ಅಂತ ಬದಿಗೆ ಹಾಕುವವರೂ ಅವರೇ. ಅವರ ಎದುರು ನೀವು ಕೇಳಿದರೆ "ಬೇಡ" ಅನ್ನಲು ಎಷ್ಟು ಮಂದಿಗೆ ಧೈರ್ಯ ಬರುತ್ತದೆ? ಯಾರು ಸೇರಿದರು, ಯಾರಿಗೆ ರಕ್ತ ಕಡಿಮೆ ಅನ್ನೋದು ಅವರಿಗೆ ಗೊತ್ತಾದರೆ ಕೆಲಸ ಕಡಿಮೆಯಾಗಬಹುದು ಅನ್ನುವ ಭಯವೂ ಇರುತ್ತದೆ. ಅರ್ಜಿಯಲ್ಲಿ ಹೀಗೆ ಬರೆದರೆ ಸಾಕು: "ಬ್ರಾಂಚಿನಲ್ಲಿ ಅಧ್ಯಯನದ ಬಗ್ಗೆ ಎಲ್ಲರಿಗೂ ಒಟ್ಟಿಗೆ ತಿಳಿಸುತ್ತೇವೆ. ಒಪ್ಪಿಗೆಯನ್ನು ಅಲ್ಲಿ ಕೇಳುವುದಿಲ್ಲ. ಸೇರಿದವರ ಪಟ್ಟಿಯನ್ನಾಗಲಿ ಫಲಿತಾಂಶವನ್ನಾಗಲಿ ಗುತ್ತಿಗೆದಾರರಿಗೆ ಕೊಡುವುದಿಲ್ಲ."

ಮತ್ತೆ ಸಮಯ. ಇವರಿಗೆ ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಮುಕ್ಕಾಲು ಗಂಟೆ ಕೈ ನಿಂತರೆ ಅಷ್ಟು ದುಡ್ಡು ಹೋಯಿತು. ಇದನ್ನು ಯಾರೂ ರಿಸ್ಕ್ ಅಂತ ಬರೆಯುವುದಿಲ್ಲ, ಆದರೆ 200 ಮಂದಿಯಲ್ಲಿ 200 ಮಂದಿಗೂ ಖಂಡಿತ ಆಗುವ ನಷ್ಟ ಇದು. ಕಳೆದುಕೊಂಡ ಕೂಲಿಯನ್ನು ತುಂಬಿಕೊಡುವುದಕ್ಕೆ ಅವಕಾಶ ಇದೆ. ಎಷ್ಟು ಅಂತ ಲೆಕ್ಕ ತೋರಿಸಿ ಕಮಿಟಿಯ ಒಪ್ಪಿಗೆ ಪಡೆಯಿರಿ. ಆದರೆ ಅದನ್ನು ಲಾಭದ ಪಟ್ಟಿಯಲ್ಲಿ ಹಾಕಬೇಡಿ.

ಈಗ ನನಗೆ ತುಂಬ ಮುಖ್ಯ ಅನಿಸುವ ಒಂದು ವಿಷಯ. ನಿಮ್ಮ ಅರ್ಜಿ ಇಂಗ್ಲಿಷಿನಲ್ಲಿ, ಮಾಹಿತಿ ಪತ್ರ ಕನ್ನಡದಲ್ಲಿ. ಆದರೆ ಜಗಲಿಯಲ್ಲಿ ನಡೆಯುವ ಮಾತು ತುಳುವಿನಲ್ಲೋ ಬ್ಯಾರಿಯಲ್ಲೋ. ಇಷ್ಟೆಲ್ಲ ತೂಗಿ ಬರೆದ ಮೇಲೆ, ಜೊತೆಗೆ ಹೋದ ಸಹಾಯಕಿ "ದಾಲಾ ಇಜ್ಜಿ ಅಕ್ಕ, ಏನೂ ಇಲ್ಲ, ಒಂದು ಸಹಿ ಹಾಕಿ" ಅಂದರೆ ಮುಗಿಯಿತು, ಮೊದಲನೇ ಕರಡು ವಾಪಸ್ ಬಂತು. ಅವಳದ್ದು ಕೆಟ್ಟ ಬುದ್ಧಿ ಅಲ್ಲ. ಅಕ್ಕನಿಗೆ ಹೆದರಿಕೆ ಆಗಬಾರದು ಅಂತಲೇ ಹೇಳುತ್ತಾಳೆ. ಆದ್ದರಿಂದ ಬಾಯಲ್ಲಿ ಹೇಳುವ ಮಾತನ್ನೂ ಬರೆದು, ಕನ್ನಡ ಲಿಪಿಯಲ್ಲಿ ತುಳುವಿನಲ್ಲೇ ಬರೆದು ಅರ್ಜಿಗೆ ಲಗತ್ತಿಸಿ. ಸಹಾಯಕಿಗೆ ಅದನ್ನು ಓದಿ ಅಭ್ಯಾಸ ಮಾಡಿಸಿ. ಹೇಳಿ ಆದ ಮೇಲೆ ಕೇಳಿ: "ಅಕ್ಕ, ಇದರಲ್ಲಿ ನಿಮಗೆ ಏನು ತೊಂದರೆ ಆಗಬಹುದು ಅಂತ ನಾನು ಹೇಳಿದೆ?" ಅವರು "ಏನೂ ಇಲ್ಲವಂತೆ" ಅಂದರೆ ನಿಮ್ಮ ಬರಹ ಮುಚ್ಚಿಡುತ್ತಿದೆ. "ನರ ಹೋಗುತ್ತದಂತೆ" ಅಂದರೆ ಹೆದರಿಸುತ್ತಿದೆ. "ಸ್ವಲ್ಪ ನೋವು, ಕೆಲವರಿಗೆ ತಲೆ ಸುತ್ತು, ಮನೆಯವರಿಗೆ ಕೇಳಿಸಬಹುದು, ಬೇಡವಾದರೆ ಬಿಡಬಹುದು" ಅಂದರೆ ಸರಿಯಾಗಿದೆ. ಐದಾರು ಮಂದಿಯ ಹತ್ತಿರ ಹೀಗೆ ಕೇಳಿ ನೋಡಿ, ತಿದ್ದಿ, ಆಮೇಲೆ ಸಲ್ಲಿಸಿ. ಓದಲು ಬಾರದವರಿಗೆ ಹೇಳುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಇರಬೇಕು. ಆ ಸಾಕ್ಷಿ ಬ್ರಾಂಚಿನವರಾಗಬಾರದು.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು, ಅದನ್ನೂ ಸೇರಿಸುತ್ತೇನೆ.

"ಮೇಡಂ, ಇಷ್ಟೆಲ್ಲ ಹೇಳಿದರೆ ಯಾರೂ ಒಪ್ಪಲ್ಲ ಅಲ್ವಾ?" ಅಂತ ಒಬ್ಬ ಹುಡುಗಿ ಕೇಳಿದಳು. ಕೆಲವರು ಒಪ್ಪುವುದಿಲ್ಲ, ನಿಜ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಜಾಸ್ತಿ ಮನೆಗಳಿಗೆ ಹೋಗುವ ಯೋಜನೆ ಹಾಕಿಕೊಳ್ಳಿ. ಮುಚ್ಚಿಟ್ಟು ಒಪ್ಪಿಸಿದವರು ಅರ್ಧದಲ್ಲಿ ಎದ್ದು ಹೋಗುತ್ತಾರೆ, ಹೋಗುವಾಗ ನೆರೆಯವರಿಗೂ ಹೇಳಿ ಹೋಗುತ್ತಾರೆ. ಮೇಲೆ ತಿದ್ದಿದ ಭಾಗವೆಲ್ಲ ಸೇರಿದರೂ ಒಂದೂವರೆ ಪುಟ ದಾಟುವುದಿಲ್ಲ.

ಇನ್ನೊಬ್ಬರು, ನಾವು ಬರೆಯದ ರಿಸ್ಕ್ ಒಂದು ಕೆಲಸ ಶುರುವಾದ ಮೇಲೆ ಕಂಡರೆ ಏನು ಮಾಡುವುದು ಅಂತ ಕೇಳಿದರು. ಕಾಣಬಹುದು. ಉದಾಹರಣೆಗೆ, ಲ್ಯಾಬ್‌ನ ಹೆಸರು ಬರೆದ ಗಾಡಿ ಮನೆ ಎದುರು ನಿಂತದ್ದೇ ನೆಪವಾಗಿ "ಆ ಮನೆಯವಳಿಗೆ ಏನೋ ಕಾಯಿಲೆಯಂತೆ" ಅಂತ ಸುದ್ದಿ ಹಬ್ಬಬಹುದು. ಅಂಥದ್ದು ಗೊತ್ತಾದ ದಿನವೇ ಆ ಕೆಲಸ ನಿಲ್ಲಿಸಿ. ಗೈಡ್‌ಗೆ ಹೇಳಿ, ಕಮಿಟಿಗೆ ಬರೆಯಿರಿ. ಏನಾಯಿತು, ಎಷ್ಟು ಮನೆಯಲ್ಲಿ ಆಯಿತು, ಏನು ಬದಲಾಯಿಸುತ್ತೀರಿ ಅಂತ ಒಂದು ಪುಟ ಸಾಕು. ಗಾಡಿಯನ್ನು ದೂರ ನಿಲ್ಲಿಸಿ ನಡೆದು ಹೋಗುತ್ತೇವೆ, ಮಾಹಿತಿ ಪತ್ರದಲ್ಲಿ ಈ ಒಂದು ಸಾಲು ಸೇರಿಸುತ್ತೇವೆ ಅಂತ. ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿದ ಮೇಲೆ ಮುಂದುವರಿಸಿ. ಈಗಾಗಲೇ ಸೇರಿದ ಹೆಂಗಸರ ಮನೆಗೂ ಮತ್ತೊಮ್ಮೆ ಹೋಗಿ, ಹೊಸ ಸಾಲನ್ನು ಓದಿ ಹೇಳಿ, ಮುಂದುವರಿಯಲು ಇಷ್ಟ ಇದೆಯಾ ಅಂತ ಕೇಳಬೇಕು.